ಕೌದಿಗೆ ಎಷ್ಟು ದರ ಹೇಳಬೇಕು?

ಪ್ರಶ್ನೆ: ನಮ್ಮದು ಮುಧೋಳ. ಮನೆಗೆಲಸದ ನಡುನಡುವೆ ಕೌದಿ ಹೊಲಿಯುತ್ತೇನೆ, ಎಷ್ಟು ತಾಸು ಹಿಡಿಯಿತು ಅಂತ ಲೆಕ್ಕವೇ ಸಿಗುವುದಿಲ್ಲ. ಎಷ್ಟಕ್ಕೆ ಕೊಡಲಿ?

ಉತ್ತರ: ಅಕ್ಕಾರ, ಇಡೀ ಕೌದಿಗೆ ಗಡಿಯಾರ ಹಿಡಿದು ಕೂಡಬೇಕಿಲ್ಲ. ಒಂದು ಚದರ ಅಡಿಗೆ ಸೀಮೆಸುಣ್ಣದಿಂದ ಗೆರೆ ಹಾಕಿ, ಅಷ್ಟನ್ನೇ ಹೊಲಿದು ಹೊತ್ತು ಬರೆದಿಡಿ. ಬೇರೆ ಬೇರೆ ದಿನ ಮೂರು ಕಡೆ ಹೀಗೆ ಮಾಡಿ. ಒಂದು ಕಡೆಯಾದರೂ ತುಂಡುಗಳು ಒಂದರ ಮೇಲೊಂದು ಬಂದು ದಪ್ಪಗಾದ ಜಾಗವಿರಲಿ, ಅಲ್ಲಿ ಸೂಜಿ ಎಳೆಯುವುದೇ ನಿಧಾನ. ಮುಂಜಾನೆಯ ಚುರುಕು ಕೈಯಲ್ಲಿ ತೆಳು ಬಟ್ಟೆಯನ್ನಷ್ಟೇ ಅಳೆದವರ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ.

ಸರಾಸರಿ 80 ನಿಮಿಷ ಬಂತು ಎನ್ನಿ. 4 ಅಡಿಗೆ 6 ಅಡಿ ಕೌದಿ ಎಂದರೆ 24 ಚದರ ಅಡಿ, ಅಂದರೆ 32 ತಾಸು. ಹಳೆ ಸೀರೆ ಕತ್ತರಿಸಿ ಜೋಡಿಸಲು ಇನ್ನೂ 4.

ತಾಸಿನ ಕೂಲಿ ಹೇಳಲು ನಾಲಿಗೆ ಏಳದಿದ್ದರೆ, ಇದೇ ಕೌದಿಯನ್ನು ಓಣಿಯ ಇನ್ನೊಬ್ಬ ಹೆಣ್ಣುಮಗಳಿಗೆ ಹೊಲಿಯಲು ಕೊಟ್ಟಂತೆ ಯೋಚಿಸಿ. ಅವಳಿಗೆ ತಾಸಿಗೆ 50 ರೂಪಾಯಿಗಿಂತ ಕಡಿಮೆ ಕೊಡಲು ಮನಸ್ಸು ಒಪ್ಪದಿದ್ದರೆ ನಿಮ್ಮ ಕೂಲಿಯೂ ಅಷ್ಟೇ. 36 ತಾಸಿಗೆ 1,800, ದಾರ, ಅಸ್ತರಿಗೆ 300. ಒಟ್ಟು 2,100. ಮನೆಗೇ ಬಂದು ಒಯ್ಯುವವರಿಗೂ ಇದಕ್ಕಿಂತ ಕೆಳಗೆ ಇಳಿಯಬೇಡಿ.

ಅಂಗಡಿಯವರು ಮಾರಿದ ದರದಲ್ಲಿ ಶೇ. 30 ಹಿಡಿದುಕೊಳ್ಳುವುದಾದರೆ, 2,100ಕ್ಕೆ ಶೇ. 30 ಕೂಡಿಸಿ 2,730 ಹೇಳಿದರೆ ನಿಮ್ಮ ಕೈಗೆ ಬರುವುದು 1,911 ಮಾತ್ರ. 2,100 ಅನ್ನು 0.7ರಿಂದ ಭಾಗಿಸಿ. ಚೀಟಿಯ ಮೇಲೆ 3,000 ಬರೆಯಬೇಕು.