ಬೆಲೆ ಏರುವಾಗ ಬಡ್ಡಿಯನ್ನೂ ಏಕೆ ಏರಿಸುತ್ತಾರೆ?

*ಓದುಗರ ಪತ್ರ: "ಹಣದುಬ್ಬರ ಇಳಿದಿದೆ ಅಂತಾರೆ, ಆದರೆ ಯಾವ ಬೆಲೆಯೂ ಇಳಿದಿಲ್ಲ. ಅದರ ಮೇಲೆ ಬಡ್ಡಿ ಬೇರೆ ಏರಿಸುತ್ತಾರೆ. ಸಾಲ ಮಾಡಿದವರಿಗೆ ಇದು ಗಾಯದ ಮೇಲೆ ಬರೆ ಅಲ್ವಾ? ಬಡ್ಡಿಗೂ ಬೆಲೆಗೂ ಏನು ಸಂಬಂಧ, ಬಿಡಿಸಿ ಹೇಳಿ."*

ಸಂಪಾದಕರ ಉತ್ತರ:

ನಿಮ್ಮ ಮೊದಲ ಮಾತಿನಿಂದಲೇ ಶುರು ಮಾಡೋಣ. ಹಣದುಬ್ಬರ ಅಂದರೆ ಬೆಲೆ ಎಷ್ಟಿದೆ ಅಂತಲ್ಲ, ಬೆಲೆ ಎಷ್ಟು ಬೇಗ ಏರುತ್ತಿದೆ ಅಂತ. ಅದೂ ಒಂದೆರಡು ವಸ್ತುವಿನದಲ್ಲ, ಜನ ಸಾಮಾನ್ಯವಾಗಿ ಕೊಳ್ಳುವ ಎಲ್ಲದರದ್ದೂ ಸೇರಿಸಿ. ಹೋದ ವರ್ಷ 100ಕ್ಕೆ ಸಿಗುತ್ತಿದ್ದದ್ದು ಈ ವರ್ಷ 112 ಆದರೆ ಹಣದುಬ್ಬರ ಶೇ 12. ಮುಂದಿನ ವರ್ಷ ಅದು ಶೇ 4ಕ್ಕೆ ಇಳಿಯಿತು ಅನ್ನಿ. ಆಗ 112 ಇದ್ದದ್ದು ಸುಮಾರು 116 ಆಗುತ್ತದೆ, 100ಕ್ಕೆ ವಾಪಸ್ ಬರುವುದಿಲ್ಲ. ಏರಿಕೆಯ ವೇಗ ಕಡಿಮೆಯಾಯಿತು, ಅಷ್ಟೇ. ಹಾಗಾಗಿ ನೀವು ಕಂಡದ್ದೂ ಸರಿ, ಲೆಕ್ಕ ಹೇಳುವವರದ್ದೂ ಸರಿ.

ಇನ್ನು ಬಡ್ಡಿಯ ವಿಷಯ. ಇದಕ್ಕೆ ಅಮೆರಿಕದಲ್ಲಿ 1980ರ ಆಸುಪಾಸು ನಡೆದದ್ದನ್ನು ನೋಡಬೇಕು. ಅಲ್ಲಿ ಹಣದುಬ್ಬರ 1980ರ ಮಾರ್ಚ್‌ನಲ್ಲಿ ಶೇ 14 ದಾಟಿತ್ತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಷ್ಟೋ ಸಲ ಬಡ್ಡಿ ದರ ಬೆಲೆ ಏರಿಕೆಗಿಂತ ಕಡಿಮೆಯೇ ಇತ್ತು. ಶೇ 9ಕ್ಕೆ ಸಾಲ ಸಿಗುತ್ತದೆ, ಬೆಲೆ ಶೇ 12 ಏರುತ್ತದೆ ಅಂದರೆ ಯಾರು ತಾನೇ ಕಾಯುತ್ತಾರೆ? ಇವತ್ತೇ ಸಾಲ ತಂದು ಕೊಂಡವನಿಗೆ ಲಾಭ, ದುಡ್ಡು ಕೂಡಿಟ್ಟವನಿಗೆ ನಷ್ಟ. ಎಲ್ಲರೂ ಹೀಗೆ ಕೊಳ್ಳಲು ಮುಗಿಬಿದ್ದರೆ ಬೆಲೆ ಇನ್ನಷ್ಟು ಏರುತ್ತದೆ.

1979ರ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್ ಅಲ್ಲಿನ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾದರು. ಅವರು ಕೈಗೊಂಡ ಬಿಗಿ ಕ್ರಮದಿಂದ, ಬ್ಯಾಂಕುಗಳು ತಮ್ಮತಮ್ಮಲ್ಲಿ ಒಂದು ರಾತ್ರಿಯ ಮಟ್ಟಿಗೆ ಕೊಡುವ ಸಾಲದ ಬಡ್ಡಿಯೇ 1981ರಲ್ಲಿ ಶೇ 19ರಷ್ಟಕ್ಕೆ ಹೋಯಿತು. ಬ್ಯಾಂಕಿಗೇ ಹಣ ಅಷ್ಟು ದುಬಾರಿಯಾದರೆ ನಮ್ಮ ನಿಮ್ಮಂಥವರಿಗೆ ಅಗ್ಗವಾಗಿ ಸಿಗುವುದುಂಟೇ? ಆ ವರ್ಷದ ಅಕ್ಟೋಬರ್‌ನಲ್ಲಿ ಮನೆ ಸಾಲದ ಬಡ್ಡಿ ಶೇ 18 ದಾಟಿತು.

ಈ ಅಂಕಿ ಒಂದು ಮನೆಯೊಳಗೆ ಏನು ಮಾಡುತ್ತದೆ ನೋಡಿ. 50,000 ಡಾಲರ್ ಸಾಲ, 30 ವರ್ಷದ ಅವಧಿ. ಶೇ 9ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 402 ಡಾಲರ್. ಶೇ 18 ಆದರೆ ಅದೇ ಸಾಲಕ್ಕೆ 753 ಡಾಲರ್. ಮನೆ ಅದೇ, ಸಂಬಳ ಅದೇ, ಕಂತು ಮಾತ್ರ ಹೆಚ್ಚುಕಮ್ಮಿ ಎರಡರಷ್ಟು. ಆ ಕುಟುಂಬ ಏನು ಮಾಡೀತು? "ಸದ್ಯಕ್ಕೆ ಬೇಡ" ಅನ್ನುತ್ತದೆ. ಬಡ್ಡಿ ಏರಿಸುವುದರ ಉದ್ದೇಶವೇ ಈ "ಸದ್ಯಕ್ಕೆ ಬೇಡ". ಅಲ್ಲಿಂದ ಮುಂದೆ ಮನೆ ಕಟ್ಟುವವನಿಗೆ ಗಿರಾಕಿ ಇಲ್ಲ, ಅವನು ಮರ, ಸಿಮೆಂಟ್ ಕೊಳ್ಳುವುದಿಲ್ಲ, ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಳ್ಳುವವರು ಕಡಿಮೆಯಾದಾಗ ಮಾರುವವನು ಬೆಲೆ ಏರಿಸಲು ಹಿಂದೆ ಮುಂದೆ ನೋಡುತ್ತಾನೆ. ಇತ್ತ ಠೇವಣಿಗೆ ಒಳ್ಳೆ ಬಡ್ಡಿ ಬರುವುದರಿಂದ, ಕೈಯಲ್ಲಿ ಕಾಸಿದ್ದವರೂ ಖರ್ಚು ಮುಂದೂಡುತ್ತಾರೆ. ಇದೆಲ್ಲ ನಾಳೆಯೇ ಆಗುವಂಥದ್ದಲ್ಲ. ಪೂರ್ತಿ ಪರಿಣಾಮ ಕಾಣಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು.

ಅಮೆರಿಕದಲ್ಲಿ ಇದು ಫಲ ಕೊಟ್ಟಿತು. 1983ರಲ್ಲಿ ಹಣದುಬ್ಬರ ಶೇ 3ರ ಸುಮಾರಿಗೆ ಬಂತು. ಆದರೆ ಅದಕ್ಕೆ ಜನ ತೆತ್ತ ಬೆಲೆಯನ್ನು ನಾನು ಮುಚ್ಚಿಡಲಾರೆ. 1982ರ ಕೊನೆಗೆ ನಿರುದ್ಯೋಗ ಶೇ 10.8 ಮುಟ್ಟಿತ್ತು. ಕೆಲಸವಿಲ್ಲದೆ ಕೂತ ಮನೆ ಕಟ್ಟುವವರು ಮರದ ತುಂಡುಗಳನ್ನು ಅಂಚೆಯಲ್ಲಿ ಫೆಡರಲ್ ರಿಸರ್ವ್‌ಗೆ ಕಳಿಸಿ ಸಿಟ್ಟು ತೋರಿಸಿದರು. ರೈತರು ಟ್ರ್ಯಾಕ್ಟರ್ ತಂದು ಕಚೇರಿಯ ಮುಂದೆ ನಿಂತರು. ಸಾಲ ಮಾಡಿದವರಿಗೆ ಬರೆ ಅಂದಿರಲ್ಲ, ನಿಜ. ಸಾಲವೇ ಇಲ್ಲದೆ ಕೆಲಸ ಕಳೆದುಕೊಂಡವರ ಪಾಡು ಇನ್ನೂ ಕಷ್ಟ. ನನ್ನ ಅಭಿಪ್ರಾಯದಲ್ಲಿ, ಹಿಂದಿನ ವರ್ಷಗಳಲ್ಲಿ ತಡ ಮಾಡಿದ್ದರಿಂದಲೇ ಪೆಟ್ಟು ಅಷ್ಟು ಜೋರಾಯಿತು. ಬೆಲೆ ಏರುತ್ತಲೇ ಇರುತ್ತದೆ ಅನ್ನುವುದು ಒಮ್ಮೆ ಜನರ ಮನಸ್ಸಿನಲ್ಲಿ ಕೂತುಬಿಟ್ಟರೆ, ಕಾರ್ಮಿಕರು ಅದನ್ನೇ ಲೆಕ್ಕ ಹಿಡಿದು ಸಂಬಳ ಕೇಳುತ್ತಾರೆ, ಮಾಲೀಕರು ಅದನ್ನೇ ಲೆಕ್ಕ ಹಿಡಿದು ಬೆಲೆ ಹಾಕುತ್ತಾರೆ. ಅದನ್ನು ಬಿಡಿಸುವುದು ಬಹಳ ಕಷ್ಟ.

ಒಂದು ಮಿತಿಯನ್ನೂ ಹೇಳಬೇಕು. ಬಡ್ಡಿ ಏರಿಸಿದರೆ ಮಳೆ ಬರುವುದಿಲ್ಲ, ಎಣ್ಣೆ ಬಾವಿಯಲ್ಲಿ ಎಣ್ಣೆ ಉಕ್ಕುವುದಿಲ್ಲ. ಬೆಳೆ ಹಾಳಾಗಿ ಒಂದೆರಡು ವಸ್ತುಗಳ ಬೆಲೆ ಮಾತ್ರ ಏರಿದ್ದರೆ, ಕೇಂದ್ರೀಯ ಬ್ಯಾಂಕ್ ಎಷ್ಟೋ ಸಲ ಕಾದು ನೋಡುತ್ತದೆ. ಅದರ ಕಣ್ಣು ಇರುವುದು ಉಳಿದವುಗಳ ಮೇಲೆ. ಆಹಾರ, ಇಂಧನ ಬಿಟ್ಟು ಬಾಡಿಗೆ, ಕೂಲಿ, ರಿಪೇರಿ ಖರ್ಚಿನಂಥವೂ ಒಟ್ಟಿಗೆ ಏರತೊಡಗಿದರೆ, ಕೊರತೆ ಒಂದೇ ಕಡೆ ಇಲ್ಲ ಅಂತ ಅರ್ಥ. ಸಾಮಾನ್ಯವಾಗಿ ಬಡ್ಡಿ ಏರುವುದು ಆಗಲೇ.