ಆರ್‌ಟಿಇ ಸೀಟಲ್ಲಿ ಓದೋ ನನ್ನ ಮಗಳನ್ನ ಬ್ಯಾಗು, ಇಂಗ್ಲಿಷು ಅಂತ ಕ್ಲಾಸಲ್ಲಿ ಆಡ್ಕೋತಾರೆ, ಏನ್ ಮಾಡ್ಲಿ?

ಮೊದ್ಲು ಆಡ್ಕೋತಿರೋದು ಬರೀ ಮಕ್ಕಳಾ ಇಲ್ಲ ಟೀಚರೂ ಸೇರಿದ್ದಾರಾ ನೋಡಿ. "ಆರ್‌ಟಿಇ ಮಕ್ಕಳು ಎದ್ದು ನಿಲ್ಲಿ" ಅಂತ ಎಲ್ಲರ ಮುಂದೆ ಕರೆದ್ರೆ ಸಾಕು, ಮಾರನೇ ದಿನದಿಂದ ಅದೇ ಅವಳ ಅಡ್ಡಹೆಸರು.

2012ರಲ್ಲಿ ನಂದಿನಿ ಲೇಔಟ್ ಕಡೆ ಒಂದು ಸ್ಕೂಲಲ್ಲಿ ಗುರುತಿಗೆ ಅಂತ ಆರ್‌ಟಿಇ ಮಕ್ಕಳ ಕೂದಲನ್ನೇ ಕತ್ತರಿಸಿದ್ರು ಅನ್ನೋ ಆರೋಪ ಬಂದು ದೊಡ್ಡ ಗಲಾಟೆ ಆಗಿತ್ತು.

ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯೋದಷ್ಟೇ ಅಲ್ಲ, ಮಾನಸಿಕ ಕಿರುಕುಳಾನೂ ನಿಷೇಧ. ಬಾಯಲ್ಲಿ ಹೇಳಿದ್ರೆ "ಮಕ್ಕಳ ಜಗಳ ಬಿಡಿ" ಅಂತ ಸಾಗಹಾಕ್ತಾರೆ, ಅದಕ್ಕೆ ಯಾವತ್ತು, ಯಾರು, ಯಾವ ಮಾತು ಅಂದ್ರು ಅಂತ ಹೆಡ್‌ಮಿಸ್‌ಗೆ ಬರೆದುಕೊಟ್ಟು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಆಮೇಲೂ ನಿಲ್ಲದಿದ್ರೆ ಅದೇ ಕಾಪಿ ಇಟ್ಟು ಬಿಇಒ ಆಫೀಸಿಗೆ ಕೊಡಿ, ಅಲ್ಲೂ ಆಗದಿದ್ರೆ ಮಕ್ಕಳ ಹಕ್ಕುಗಳ ಆಯೋಗ ಇದೆ.