ಏಲಕ್ಕಿ ಜಾಹೀರಾತಿನ ಬಗ್ಗೆ ಇನ್ನೊಮ್ಮೆ ಕೇಳಬೇಡಿ

ಪ್ರಶ್ನೆ: ಡಾಕ್ಟ್ರೇ, ಟಿವಿಯಲ್ಲಿ ಬರುವುದು ಏಲಕ್ಕಿ ಜಾಹೀರಾತು, ಗುಟ್ಕಾದ್ದಲ್ಲ. ಏಲಕ್ಕಿ ಮಾರಿದರೂ ತಪ್ಪಾ?

ಈ ತಿಂಗಳು ಇದೇ ಪ್ರಶ್ನೆ ಎಷ್ಟನೇ ಸಲವೋ. ಬಾಯಿ ಕ್ಯಾನ್ಸರ್ ಆಪರೇಷನ್ ಮಾಡುವವನು ನಾನು, ವಕೀಲನಲ್ಲ. ಆದರೂ ಹೇಳುತ್ತೇನೆ.

ಒಂದು ಕೆಲಸ ಮಾಡಿ. ಬೀಡಾ ಅಂಗಡಿಗೆ ಹೋಗಿ ಆ ಜಾಹೀರಾತಿನ ಹೆಸರನ್ನಷ್ಟೇ ಹೇಳಿ. ಏಲಕ್ಕಿ ಅನ್ನಬೇಡಿ. ನಾನು ಹೀಗೆ ಕೇಳಿದಾಗ ಅಂಗಡಿಯವನು ಮಾಲೆಯಿಂದ ಪಾನ್ ಮಸಾಲಾದ ಪೊಟ್ಟಣ ಹರಿದ. ಜೊತೆಗೆ ಪುಟ್ಟದೊಂದು ತಂಬಾಕಿನ ಪೊಟ್ಟಣವನ್ನೂ ಇಟ್ಟ, ಕೇಳದೆಯೇ. ಏಲಕ್ಕಿ ಇದೆಯಾ ಅಂದರೆ ನನ್ನ ಮುಖ ನೋಡಿದ.

ಎರಡು ಪೊಟ್ಟಣ ಯಾಕೆ? ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಹಾರದಲ್ಲಿ ತಂಬಾಕು ಬೆರೆಸಬಾರದು ಅನ್ನುವ ನಿಯಮ ಅದಕ್ಕೆ ಆಧಾರ. ತಯಾರಕರು ಮಸಾಲಾವನ್ನು ಒಂದರಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ತುಂಬಿದರು. ಗಿರಾಕಿ ಅಂಗೈಯಲ್ಲಿ ಎರಡನ್ನೂ ಸುರಿದು ಬೆರೆಸುತ್ತಾನೆ. ಗುಟ್ಕಾ ಮಾಡುವ ಕೆಲಸ ಕಾರ್ಖಾನೆಯಿಂದ ಅಂಗೈಗೆ ಬಂತು, ಅಷ್ಟೇ.

ಜಾಹೀರಾತಿನಲ್ಲೂ ಇದೇ ಆಟ. 2003ರ ತಂಬಾಕು ಕಾಯ್ದೆಯ 5ನೇ ಸೆಕ್ಷನ್ ನೇರ ಜಾಹೀರಾತನ್ನೂ ಪರೋಕ್ಷ ಜಾಹೀರಾತನ್ನೂ ನಿಷೇಧಿಸುತ್ತದೆ. 2005ರ ನಿಯಮಗಳು ಪರೋಕ್ಷ ಅಂದರೆ ಏನು ಅಂತಲೂ ಬಿಡಿಸಿ ಹೇಳಿವೆ. ತಂಬಾಕಿಗೆ ಇರುವ ಹೆಸರನ್ನು ಬೇರೆ ಸರಕಿನ ಅಥವಾ ಕಾರ್ಯಕ್ರಮದ ಪ್ರಚಾರಕ್ಕೆ ಬಳಸುವಂತಿಲ್ಲ. ಆ ತಂಬಾಕನ್ನು ನೆನಪಿಸುವ ಬಣ್ಣ, ವಿನ್ಯಾಸ ಕೂಡ ಬೇಡ. ಬಾಗಿಲು ಮುಚ್ಚಿತು ಅಲ್ವಾ?

ಇಲ್ಲ. 2009ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ಒಂದು ಬಾಲ ಸೇರಿತು. ಸಿಗರೇಟು, ತಂಬಾಕಿನ ಹೆಸರನ್ನೇ ಹೊತ್ತ ಬೇರೆ ವಸ್ತುವನ್ನು ಕೆಲವು ಷರತ್ತಿನ ಮೇಲೆ ಟಿವಿಯಲ್ಲಿ ತೋರಿಸಬಹುದು. ಕಥೆಯಲ್ಲಿ ತಂಬಾಕಿನ ಸುಳಿವು ಇರಬಾರದು, ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಆಮೇಲೆ 2022ರಲ್ಲಿ ಗ್ರಾಹಕರ ರಕ್ಷಣೆಗೆ ಬಂದ ಮಾರ್ಗಸೂಚಿ ಬದಲಿ ಜಾಹೀರಾತನ್ನು ನಿಷೇಧಿಸಿತು. ಆದರೆ ಬರೀ ಹೆಸರು ಒಂದೇ ಆಗಿದ್ದರೆ ಅದು ಬದಲಿ ಜಾಹೀರಾತಲ್ಲ ಅಂತಲೂ ಜೊತೆಗೇ ಬರೆಯಿತು. ಅಸಲಿಗೆ ಇಲ್ಲಿ ಬಿಕರಿಯಾಗುವುದೇ ಹೆಸರು. ಸೂಟು ತೊಟ್ಟ ನಾಯಕ ಕೈಯಲ್ಲಿ ಏನು ಹಿಡಿದಿದ್ದ ಅನ್ನುವುದು ಯಾರಿಗೆ ನೆನಪಿರುತ್ತದೆ? ಹೆಸರು, ಬಣ್ಣ, ರಾಗ ಇಷ್ಟೇ ತಲೆಯಲ್ಲಿ ಉಳಿಯುವುದು. ನಾನು ಸಿಗರೇಟು ಮುಟ್ಟಿದವನಲ್ಲ. ಆದರೆ 1996ರ ವಿಶ್ವಕಪ್ ಅಂದರೆ ಇವತ್ತಿಗೂ ನನ್ನ ಬಾಯಲ್ಲಿ ಮೊದಲು ಬರುವುದು 'ವಿಲ್ಸ್'.

ನಟರಿಗೂ ಇದು ಗೊತ್ತಾಗುತ್ತದೆ, ಸ್ವಲ್ಪ ತಡವಾಗಿ. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ 'ವಿಮಲ್ ಇಲಾಯಚಿ' ಜಾಹೀರಾತಿನಿಂದ ಹಿಂದೆ ಸರಿದು ಅಭಿಮಾನಿಗಳ ಕ್ಷಮೆ ಕೇಳಿದರು. ಏಲಕ್ಕಿಗೆ ಯಾರಾದರೂ ಕ್ಷಮೆ ಕೇಳುತ್ತಾರಾ? ಒಪ್ಪಂದದ ಅವಧಿ ಮುಗಿಯುವವರೆಗೆ ಜಾಹೀರಾತು ಬರುತ್ತಲೇ ಇರಬಹುದು ಅಂತಲೂ ಅವರೇ ಹೇಳಿದ್ದರು.

ಹಾಗಾಗಿ ಕಾನೂನು ನೋಡಬೇಕಾದ್ದು ಪೊಟ್ಟಣದ ಒಳಗಿನ ವಸ್ತುವನ್ನಲ್ಲ, ಹೆಸರನ್ನು. ಒಂದು ಹೆಸರು ತಂಬಾಕಿನ ಮೇಲಿದ್ದರೆ ಅದು ಬೇರೆ ಯಾವ ವಸ್ತುವಿನ ಜಾಹೀರಾತಿನಲ್ಲೂ ಬರಕೂಡದು. ಫ್ರಾನ್ಸ್ 1991ರ ಕಾನೂನಿನಲ್ಲಿ ಹೆಚ್ಚುಕಡಿಮೆ ಹೀಗೇ ಮಾಡಿದೆ. ಇಲ್ಲಿ 2009ರ ಬಾಲವನ್ನೂ 2022ರ ಆ ಒಂದು ವಾಕ್ಯವನ್ನೂ ತೆಗೆದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ದಂಡ. ಮೊದಲ ಸಲದ ತಪ್ಪಿಗೆ 2 ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ! ಆ ನಾಯಕನ ಮೇಕಪ್ಪಿಗೂ ಸಾಲದು.

ಪ್ರಶ್ನೆ: ತಂಬಾಕಿಲ್ಲದ ಪಾನ್ ಮಸಾಲಾ ತಿನ್ನಬಹುದಲ್ವಾ?

ಬೇಡ. ಅದರಲ್ಲಿ ಅಡಿಕೆ ಇದೆ. ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯದಂತಾಗಲು ಅಷ್ಟೇ ಸಾಕು. ಅಡಿಕೆ ಬೆಳೆಗಾರರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ. ನಿಮ್ಮದೇ 3 ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಬಾಯೊಳಗೆ ಇಟ್ಟು ನೋಡಿ. ಹಿಡಿಸದಿದ್ದರೆ ದಂತವೈದ್ಯರ ಬಳಿ ಹೋಗಿ. ಬಾಯಿ ಬಿಡಿಸುವ ಪುಡಿ ಮಾರುವವರ ಬಳಿ ಹೋಗಿ ತಿಂಗಳುಗಟ್ಟಲೆ ಹಾಳು ಮಾಡಿಕೊಂಡು ಆಮೇಲೆ ನನ್ನ ಹತ್ತಿರ ಬರಬೇಡಿ.

ಪ್ರಶ್ನೆ: ಜಾಹೀರಾತು ನೋಡಿ ಯಾರೂ ಕೆಡುವುದಿಲ್ಲ, ಎಲ್ಲ ಅವರವರ ಮನಸ್ಸು.

ಇದು ಪ್ರಶ್ನೆಯೇ ಅಲ್ಲ. ಹಾಗಿದ್ದರೆ ಕಂಪನಿಗಳು ನಟರಿಗೆ ಅಷ್ಟು ದುಡ್ಡು ಸುಮ್ನೆ ಸುರಿಯುತ್ತಿದ್ದವಾ?

ಪ್ರಶ್ನೆ: ನಮ್ಮೂರ ಕಬಡ್ಡಿ ಪಂದ್ಯಕ್ಕೆ ಒಂದು ಪಾನ್ ಮಸಾಲಾದವರು ಹಣ ಕೊಡುತ್ತಾರಂತೆ. ಬ್ಯಾನರ್‌ನಲ್ಲಿ ತಂಬಾಕು ಅಂತ ಇರುವುದಿಲ್ಲ. ತೆಗೆದುಕೊಳ್ಳಬಹುದಾ?

ಅದೇ ಹೆಸರಿನ ತಂಬಾಕು ಅಂಗಡಿಯಲ್ಲಿ ಇದ್ದರೆ ಬೇಡ. 2005ರ ನಿಯಮದಲ್ಲಿ ಕಾರ್ಯಕ್ರಮಗಳೂ ಸೇರಿವೆ ಅಂತ ಮೇಲೆ ಹೇಳಿದ್ದೇನೆ. ಸಂಶಯ ಇದ್ದರೆ ಅವರಿಗೆ ಹೀಗೆ ಹೇಳಿ ನೋಡಿ: ಹಣ ಕೊಡಿ, ಆದರೆ ನಿಮ್ಮ ಹೆಸರನ್ನು ಬ್ಯಾನರ್‌ಗೂ ಜೆರ್ಸಿಗೂ ಹಾಕುವುದಿಲ್ಲ, ಮೈಕಿನಲ್ಲೂ ಹೇಳುವುದಿಲ್ಲ. ಅವರು ಮತ್ತೆ ಫೋನ್ ಮಾಡಿದರೆ ನನಗೆ ಬರೆಯಿರಿ.